ವೃಷಣದಲ್ಲಿ ಭಾರ, ರಿಪೋರ್ಟ್‌ನಲ್ಲಿ ಮೂರು ಹೆಸರು: ನಿಜವಾದ ಕಾರಣ ಯಾವುದು?

ಪ್ರಶ್ನೆ: ಸರ್, ನನಗೆ 26 ವರ್ಷ. ಬಟ್ಟೆ ಅಂಗಡಿಯಲ್ಲಿ ಕೆಲಸ, ದಿನವಿಡೀ ನಿಂತೇ ಇರಬೇಕು. ಏಳೆಂಟು ತಿಂಗಳಿಂದ ಎಡಗಡೆ ವೃಷಣದಲ್ಲಿ ಒಂಥರಾ ಭಾರ, ಕೆಳಗೆ ಜಗ್ಗಿದ ಹಾಗೆ. ಸಂಜೆಗೆ ಜಾಸ್ತಿ, ಬೆಳಿಗ್ಗೆ ಏನೂ ಇರಲ್ಲ. ಜ್ವರ, ಉರಿಮೂತ್ರ ಯಾವುದೂ ಇಲ್ಲ. ಒಬ್ಬ ಡಾಕ್ಟರ್ ಇನ್ಫೆಕ್ಷನ್ ಅಂತ ಎರಡು ಸಲ ಆಂಟಿಬಯೋಟಿಕ್ ಕೊಟ್ಟರು, ಕಡಿಮೆ ಆಗಲಿಲ್ಲ. ಆಮೇಲೆ ಸ್ಕ್ಯಾನ್ ಮಾಡಿಸಿದೆ. ಎಡಗಡೆ ಗ್ರೇಡ್ 2 ವೆರಿಕೋಸೀಲ್, ಎಡ ಎಪಿಡಿಡಿಮಿಸ್ ಸ್ವಲ್ಪ ದಪ್ಪ, ಎರಡೂ ಕಡೆ ಅಲ್ಪ ಹೈಡ್ರೋಸೀಲ್ ಅಂತ ಬಂದಿದೆ. ಇನ್ನೊಬ್ಬರು ತಕ್ಷಣ ಆಪರೇಷನ್ ಮಾಡಿಸು ಅಂತಾರೆ. ಇದರಲ್ಲಿ ನನಗಿರೋದು ಯಾವುದು? ಮುಂದಿನ ವರ್ಷ ಮದುವೆ ಇದೆ, ಮಕ್ಕಳಾಗೋಕೆ ತೊಂದರೆ ಆಗುತ್ತಾ? ಇದುವರೆಗೆ ಯಾರೂ ಮುಟ್ಟಿ ಪರೀಕ್ಷೆ ಮಾಡಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ಬೇಸರವಾಯಿತು. ಎರಡು ಕೋರ್ಸ್ ಮಾತ್ರೆ ಆಯಿತು, ಸ್ಕ್ಯಾನ್ ಆಯಿತು, ಆಪರೇಷನ್ ಮಾತೂ ಬಂತು. ಆದರೆ ಐದು ಹತ್ತು ನಿಮಿಷದ ಕೈ ಪರೀಕ್ಷೆ ಮಾತ್ರ ಆಗಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲೇ.

ನೀವು ಹೇಳಿದ್ದನ್ನು ಕೇಳಿದರೆ ನನಗೆ ಅನ್ನಿಸುವುದು ಇಷ್ಟು. ಈ ಭಾರಕ್ಕೆ ಕಾರಣ ಬಹುಮಟ್ಟಿಗೆ ವೆರಿಕೋಸೀಲ್. ಉಳಿದ ಎರಡು ಹೆಸರು ಸ್ಕ್ಯಾನ್‌ನಲ್ಲಿ ಸುಮ್ನೆ ಕಣ್ಣಿಗೆ ಬಿದ್ದವು, ನೋವು ಕೊಡುತ್ತಿರುವುದು ಅವಲ್ಲ. ಹಾಗೆ ಯಾಕೆ ಅನ್ನಿಸುತ್ತದೆ, ಅದನ್ನು ಖಚಿತ ಮಾಡಿಕೊಳ್ಳುವುದು ಹೇಗೆ, ಎಲ್ಲಿ ನನ್ನ ಊಹೆ ತಪ್ಪಾಗಬಹುದು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ಮೊದಲು ಯಾವುದು ಎಲ್ಲಿದೆ ಅಂತ ತಿಳಿದುಕೊಳ್ಳೋಣ. ಚೀಲದೊಳಗೆ ಮೊಟ್ಟೆಯಾಕಾರದ್ದು ವೃಷಣ. ಅದರ ಬೆನ್ನಿಗೆ, ಮೇಲಿಂದ ಕೆಳಗಿನ ತನಕ ಅಂಟಿಕೊಂಡಿರುವ ಮೆತ್ತನೆಯ ಪಟ್ಟಿ ಎಪಿಡಿಡಿಮಿಸ್. ವೀರ್ಯಾಣುಗಳು ಬಲಿಯುವುದು ಅದರೊಳಗೆ. ವೃಷಣದಿಂದ ಮೇಲಕ್ಕೆ, ತೊಡೆಸಂದಿಯ ಕಡೆ ಹೋಗುವ ಹುರಿಯಲ್ಲಿ ರಕ್ತನಾಳಗಳೂ ವೀರ್ಯನಾಳವೂ ಇರುತ್ತವೆ. ಇನ್ನು ವೃಷಣದ ಮುಂಭಾಗ ಮತ್ತು ಪಕ್ಕಗಳನ್ನು ಎರಡು ಪದರದ ತೆಳು ಪೊರೆ ಸುತ್ತಿಕೊಂಡಿದೆ. ವೆರಿಕೋಸೀಲ್ ಅಂದರೆ ಹುರಿಯೊಳಗಿನ ಮಲಿನ ರಕ್ತನಾಳಗಳು ಹಿಗ್ಗಿ ಸುರುಳಿ ಸುತ್ತಿಕೊಳ್ಳುವುದು, ಹಾಗಾಗಿ ಅದು ಸಿಗುವುದು ವೃಷಣದ ಮೇಲ್ಗಡೆ. ಎಪಿಡಿಡಿಮೈಟಿಸ್ ಅಂದರೆ ಆ ಪಟ್ಟಿಯ ಉರಿಯೂತ, ಅದು ಸಿಗುವುದು ಹಿಂದೆ. ಹೈಡ್ರೋಸೀಲ್ ಅಂದರೆ ಪೊರೆಯ ಎರಡು ಪದರದ ನಡುವೆ ನೀರು ತುಂಬುವುದು, ಅದು ವೃಷಣವನ್ನೇ ಮುಚ್ಚಿಕೊಂಡು ಮುಂದೆ ಬರುತ್ತದೆ. ಮೇಲೆ, ಹಿಂದೆ, ಮುಂದೆ. ಇಷ್ಟು ನೆನಪಿದ್ದರೆ ಮುಂದಿನದು ಸುಲಭ.

ಈಗ ನಿಮ್ಮ ಕಥೆಗೆ ಬರೋಣ. ಬೆಳಿಗ್ಗೆ ಏನೂ ಇಲ್ಲ, ಸಂಜೆಗೆ ಜಾಸ್ತಿ. ಈ ಒಂದು ಮಾತು ಸ್ಕ್ಯಾನ್ ರಿಪೋರ್ಟ್‌ಗಿಂತ ಹೆಚ್ಚು ಹೇಳುತ್ತದೆ. ನಿಂತಾಗ ವೃಷಣದ ರಕ್ತ ಗುರುತ್ವಕ್ಕೆ ಎದುರಾಗಿ ಹೊಟ್ಟೆಯ ತನಕ ಏರಬೇಕು. ಎಡಗಡೆಯ ನಾಳ ಬಲಗಡೆಯದಕ್ಕಿಂತ ಉದ್ದ. ಅದು ನೇರವಾಗಿ ದೊಡ್ಡ ರಕ್ತನಾಳಕ್ಕೆ ಸೇರುವುದಿಲ್ಲ, ಎಡ ಮೂತ್ರಪಿಂಡದ ನಾಳಕ್ಕೆ ಹೆಚ್ಚು ಕಡಿಮೆ ಲಂಬಕೋನದಲ್ಲಿ ಹೋಗಿ ಸೇರುತ್ತದೆ. ಅಲ್ಲಿ ಒತ್ತಡ ಜಾಸ್ತಿ. ಒಳಗಿನ ಕವಾಟಗಳು ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಇಳಿದು ಕೆಳಗೆ ನಿಲ್ಲುತ್ತದೆ, ನಾಳಗಳು ಹಿಗ್ಗುತ್ತವೆ. ವೆರಿಕೋಸೀಲ್ ಹತ್ತರಲ್ಲಿ ಒಂಬತ್ತು ಜನರಿಗೆ ಎಡಗಡೆಯೇ ಕಾಣಿಸುವುದು ಇದಕ್ಕೇ. ದಿನವಿಡೀ ನಿಂತವರಿಗೆ, ಭಾರ ಎತ್ತುವವರಿಗೆ, ಬಿರುಬಿಸಿಲಲ್ಲಿ ಕೆಲಸ ಮಾಡುವವರಿಗೆ ಸಂಜೆಯ ಹೊತ್ತಿಗೆ ಜಗ್ಗಿದ ಹಾಗಾಗುತ್ತದೆ. ಮನೆಗೆ ಬಂದು ಮಲಗಿದರೆ ಅರ್ಧ ಗಂಟೆಯಲ್ಲಿ ಹಗುರ. ಮಲಗಿದಾಗ ನಾಳಗಳು ಖಾಲಿಯಾಗುತ್ತವೆ, ಅಷ್ಟೇ. ರಜೆಯ ದಿನ, ಊರಿಗೆ ಹೋಗಿ ಆರಾಮಾಗಿ ಇದ್ದ ದಿನ ನಿಮಗೆ ಹೇಗಿರುತ್ತದೆ, ನೆನಪು ಮಾಡಿಕೊಂಡು ನೋಡಿ. ಆ ದಿನ ಭಾರ ಗೊತ್ತೇ ಆಗದಿದ್ದರೆ ನನ್ನ ಊಹೆಗೆ ಇನ್ನಷ್ಟು ಬಲ ಬರುತ್ತದೆ.

ಎಪಿಡಿಡಿಮೈಟಿಸ್ ಹೀಗೆ ನಡೆದುಕೊಳ್ಳುವುದಿಲ್ಲ. ಅದು ಏಳೆಂಟು ತಿಂಗಳು ಸಂಜೆ ಬಂದು ಬೆಳಿಗ್ಗೆ ಹೋಗುವ ಕಾಯಿಲೆ ಅಲ್ಲ. ಒಂದು ದಿನ ಶುರುವಾಗಿ ಎರಡು ಮೂರು ದಿನದಲ್ಲಿ ಏರುತ್ತದೆ. ಚೀಲದ ಒಂದು ಕಡೆ ಕೆಂಪಾಗಿ ಬಿಸಿಯಾಗುತ್ತದೆ, ಮುಟ್ಟಿದರೆ ರೋಗಿ ಕೈ ಹಿಡಿದುಕೊಂಡುಬಿಡುತ್ತಾನೆ. ನಡೆಯುವಾಗ ಕಾಲು ಅಗಲಿಸಿ ನಡೆಯುತ್ತಾನೆ. ರಾತ್ರಿ ಮಲಗಿದರೂ ನೋವು ಇರುತ್ತದೆ. ಹಲವರಿಗೆ ಉರಿಮೂತ್ರ, ಕೆಲವರಿಗೆ ಮೂತ್ರದ್ವಾರದಿಂದ ಸ್ರಾವ, ಕೆಲವರಿಗೆ ಜ್ವರ. 35ರ ಒಳಗಿನವರಲ್ಲಿ ಇದಕ್ಕೆ ಮುಖ್ಯ ಕಾರಣ ಲೈಂಗಿಕ ಸಂಪರ್ಕದಿಂದ ಬರುವ ಕ್ಲಮಿಡಿಯಾ ಮತ್ತು ಗೊನೊರಿಯಾ. ಹಾಗಾಗಿ ಡಾಕ್ಟರ್ ಆದವರು ಈ ವಯಸ್ಸಿನವರಿಗೆ ಲೈಂಗಿಕ ಸಂಪರ್ಕದ ಬಗ್ಗೆ ನೇರವಾಗಿ, ಮರ್ಯಾದೆಯಿಂದ, ಜೊತೆಗೆ ಬಂದವರನ್ನು ಆಚೆ ಕಳಿಸಿ ಕೇಳಬೇಕು. ನೀವೂ ಮುಚ್ಚಿಡದೆ ಹೇಳಬೇಕು. ಆ ಉತ್ತರದ ಮೇಲೆ ಔಷಧಿಯೇ ಬದಲಾಗುತ್ತದೆ. ಈ ಸೋಂಕುಗಳಿಗೆ ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್ ಒಂದು ಇಂಜೆಕ್ಷನ್, ಜೊತೆಗೆ ಹತ್ತು ದಿನ ಡಾಕ್ಸಿಸೈಕ್ಲಿನ್ ಕೊಡುತ್ತೇವೆ, ಸಂಗಾತಿಗೂ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಸೋಂಕು ಮತ್ತೆ ಬರುತ್ತದೆ.

ಸರಿಯಾದ ಔಷಧಿ ಬಿದ್ದರೆ ಮೂರು ದಿನದೊಳಗೆ ನೋವು ಇಳಿಯಲು ಶುರುವಾಗಬೇಕು. ಇಳಿಯದಿದ್ದರೆ ಇನ್ನೊಂದು ಆಂಟಿಬಯೋಟಿಕ್ ಬರೆಯುವ ಮೊದಲು ರೋಗವೇ ಬೇರೆಯೇನೋ ಅಂತ ಯೋಚಿಸಬೇಕು. ನಿಮಗೆ ಎರಡು ಕೋರ್ಸ್ ಆದ ಮೇಲೂ ಸ್ವಲ್ಪವೂ ವ್ಯತ್ಯಾಸ ಆಗಲಿಲ್ಲ ಅನ್ನುವುದು ಕೂಡ ಒಂದು ಮಾಹಿತಿಯೇ. ಸೋಂಕೇ ಇರಲಿಲ್ಲ ಅನ್ನುವ ಕಡೆ ಅದು ಬೊಟ್ಟು ಮಾಡುತ್ತದೆ. ಮೂತ್ರ ಪರೀಕ್ಷೆ ಮಾಡಿಸಿದ್ದಾರಾ? ಇಲ್ಲದಿದ್ದರೆ ಒಮ್ಮೆ ಮಾಡಿಸಿ. ಮೂತ್ರದಲ್ಲಿ ಬಿಳಿ ರಕ್ತಕಣ ಇಲ್ಲ, ಸ್ರಾವ ಇಲ್ಲ, ಮುಟ್ಟಿದರೆ ನೋವಿಲ್ಲ ಅಂದರೆ ಆ ಹೆಸರನ್ನು ಪಕ್ಕಕ್ಕಿಡಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು, ನಮ್ಮ ದೇಶದಲ್ಲಿ ಇದನ್ನು ಮರೆಯುವ ಹಾಗಿಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ಎಳೆಯುವ ಎಪಿಡಿಡಿಮೈಟಿಸ್ ಒಂದಿದೆ, ಅದು ಕ್ಷಯದ್ದು. ಅದರಲ್ಲಿ ಎಪಿಡಿಡಿಮಿಸ್ ಗಟ್ಟಿಯಾಗಿ, ಗಂಟು ಗಂಟಾಗಿ ಸಿಗುತ್ತದೆ. ಪಕ್ಕದ ವೀರ್ಯನಾಳದ ಮೇಲೆ ಬೆರಳು ಜಾರಿಸಿದರೆ ಮಣಿ ಪೋಣಿಸಿದಂತೆ ಸಾಲಾಗಿ ಗಂಟುಗಳು ತಗುಲುತ್ತವೆ. ಬಿಟ್ಟರೆ ಚೀಲದ ಹಿಂಭಾಗದಲ್ಲಿ ಒಡೆದು ಸೋರುತ್ತದೆ. ಭಾರ ಹೆಚ್ಚಾಗಿ ಅದೇ ಮಟ್ಟದಲ್ಲಿ ಇರುತ್ತದೆ, ಬೆಳಿಗ್ಗೆ ಸಂಜೆ ಅಂತ ವ್ಯತ್ಯಾಸ ಇಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದ್ದದ್ದು, ಇದನ್ನೆಲ್ಲ ಕೇಳಬೇಕು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳು ಕ್ಷಯದ ಕ್ರಿಮಿಯ ಮೇಲೂ ಸ್ವಲ್ಪ ಕೆಲಸ ಮಾಡುತ್ತವೆ. ಅರೆಬರೆ ಗುಣವಾದಂತೆ ಕಂಡು ರೋಗ ಪತ್ತೆ ತಡವಾಗುತ್ತದೆ. ಪರೀಕ್ಷೆ ಮಾಡದೆ ಮಾತ್ರೆ ಬರೆಯುವುದಕ್ಕೆ ನಾನು ಇಷ್ಟೊಂದು ವಿರೋಧ ಮಾಡುವುದು ಇದಕ್ಕೇ.

ಇನ್ನು ಹೈಡ್ರೋಸೀಲ್. ಇದರಲ್ಲಿ ರೋಗಿ ಬಂದು ನೋವು ಅಂತ ಹೇಳುವುದಿಲ್ಲ, ದಪ್ಪ ಆಗಿದೆ ಅಂತ ಹೇಳುತ್ತಾನೆ. ನಿಧಾನವಾಗಿ, ನೋವಿಲ್ಲದೆ ಬೆಳೆಯುತ್ತದೆ. ಪ್ಯಾಂಟ್ ಹಾಕುವಾಗ ಒಂದು ಕಡೆ ಜಾಸ್ತಿ ಜಾಗ ಹಿಡಿಯುತ್ತದೆ, ಬೈಕ್ ಮೇಲೆ ಕೂತಾಗ ಅಡ್ಡ ಬರುತ್ತದೆ. ಭಾರ ಅನ್ನಿಸುವುದು ಸಾಕಷ್ಟು ನೀರು ತುಂಬಿದ ಮೇಲೆ, ಆಗ ಕಣ್ಣಿಗೂ ಕಾಣುತ್ತದೆ. ನಿಮ್ಮ ಪತ್ರದಲ್ಲಿ ಊತದ ಮಾತೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹೈಡ್ರೋಸೀಲ್ ಯಾರಿಗೂ ಸಂಜೆ ಹೊತ್ತು ಜಗ್ಗುವುದಿಲ್ಲ.

ಆದರೆ ಯುವಕನಿಗೆ ಹೊಸದಾಗಿ ನಿಜವಾದ ಹೈಡ್ರೋಸೀಲ್ ಬಂದರೆ ನಾನು ಅಷ್ಟಕ್ಕೇ ಬಿಡುವುದಿಲ್ಲ. ನೀರು ಯಾಕೆ ತುಂಬಿತು ಅಂತ ಹುಡುಕುತ್ತೇನೆ. ಪೆಟ್ಟು ಬಿದ್ದಿರಬಹುದು, ಸೋಂಕಿರಬಹುದು, ನೀರಿನ ಹಿಂದೆ ಕೈಗೆ ಸಿಗದ ಹಾಗೆ ವೃಷಣದಲ್ಲಿ ಗೆಡ್ಡೆಯೇ ಇರಬಹುದು. ಹೀಗಾಗಿ ಈ ವಯಸ್ಸಿನಲ್ಲಿ ಹೈಡ್ರೋಸೀಲ್‌ಗೆ ಸ್ಕ್ಯಾನ್ ಬೇಕೇ ಬೇಕು. ಸೂಜಿ ಚುಚ್ಚಿ ನೀರು ತೆಗೆಸಿಕೊಳ್ಳುವ ಕೆಲಸಕ್ಕೆ ಹೋಗಬಾರದು. ನೀರು ಮತ್ತೆ ತುಂಬುತ್ತದೆ, ಸೋಂಕು ತಗುಲಬಹುದು, ಒಳಗೆ ಗೆಡ್ಡೆ ಇದ್ದರಂತೂ ಅನಾಹುತ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಾದರೆ ಅಥವಾ ಕರಾವಳಿಯವರಾದರೆ ಆನೆಕಾಲು ರೋಗದ ಹುಳುವಿನಿಂದಲೂ ಹೈಡ್ರೋಸೀಲ್ ಬರಬಹುದು. ಆ ಊರುಗಳಲ್ಲಿ ಬೆಳೆದವರು, ಅಲ್ಲಿ ವರ್ಷಗಟ್ಟಲೆ ಇದ್ದವರು ಅದನ್ನು ಡಾಕ್ಟರ್‌ಗೆ ಹೇಳಬೇಕು. ಅದಕ್ಕೆ ಬೇರೆ ರಕ್ತ ಪರೀಕ್ಷೆ ಇದೆ.

ಇಷ್ಟು ಮಾತಿನಲ್ಲೇ ದಾರಿ ಅರ್ಧ ಮುಗಿಯಿತು. ಉಳಿದರ್ಧ ಕೈ ಪರೀಕ್ಷೆ. ಅದನ್ನು ವಿವರವಾಗಿ ಹೇಳುತ್ತೇನೆ. ನಿಮಗೆ ಸರಿಯಾಗಿ ಪರೀಕ್ಷೆ ಆಯಿತೋ ಇಲ್ಲವೋ ಅಂತ ನಿಮಗೇ ಗೊತ್ತಾಗಬೇಕು ಅಲ್ವಾ?

ಪರೀಕ್ಷೆ ಶುರುವಾಗಬೇಕಾದದ್ದು ನಿಂತುಕೊಂಡು. ಹಾಸಿಗೆ ಮೇಲೆ ಮಲಗಿಸಿ ಮಾತ್ರ ನೋಡಿದರೆ ವೆರಿಕೋಸೀಲ್ ಕಣ್ತಪ್ಪಿ ಹೋಗುತ್ತದೆ, ಮಲಗಿದ ಕೂಡಲೇ ನಾಳಗಳು ಇಳಿದುಬಿಡುತ್ತವಲ್ಲ. ಕೋಣೆ ಬೆಚ್ಚಗಿರಬೇಕು. ಏಸಿ ಜೋರಾಗಿದ್ದರೆ ಚೀಲ ಮುದುಡಿ ಮೇಲಕ್ಕೆ ಸೇರಿಕೊಳ್ಳುತ್ತದೆ, ಏನೂ ಸಿಗುವುದಿಲ್ಲ. ಬಟ್ಟೆ ಸಡಿಲಿಸಿ ಒಂದೆರಡು ನಿಮಿಷ ಹಾಗೇ ನಿಲ್ಲಿಸಿ ಮೊದಲು ಬರೀ ಕಣ್ಣಿನಿಂದ ನೋಡಬೇಕು. ಎಡ ವೃಷಣ ಬಲಕ್ಕಿಂತ ಸ್ವಲ್ಪ ಕೆಳಗಿರುವುದು ಸಹಜ. ಅದರ ಮೇಲ್ಗಡೆ ಚರ್ಮದಡಿಯಲ್ಲಿ ನಾಳಗಳು ಸುರುಳಿಯಾಗಿ ಎದ್ದು ಕಂಡರೆ ಅದು ಗ್ರೇಡ್ 3. ಕಣ್ಣಿಗೆ ಕಾಣದೆ, ಹೆಬ್ಬೆರಳು ತೋರುಬೆರಳಿನ ನಡುವೆ ಹುರಿಯನ್ನು ಹಿಡಿದಾಗ ಸಿಕ್ಕರೆ ಗ್ರೇಡ್ 2. ಉಸಿರು ಬಿಗಿಹಿಡಿದು ಮುಕ್ಕಿದಾಗ ಮಾತ್ರ ತುಂಬಿಕೊಂಡು ಬೆರಳಿಗೆ ತಗುಲಿದರೆ ಗ್ರೇಡ್ 1. ದೊಡ್ಡ ವೆರಿಕೋಸೀಲ್ ಕೈಗೆ ಸಿಗುವ ರೀತಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ: ತೆಳು ಚೀಲದಲ್ಲಿ ಎರೆಹುಳು ತುಂಬಿದ ಹಾಗೆ, ಮೆತ್ತಗೆ, ಬೆರಳಡಿ ಜಾರುತ್ತದೆ. ಒತ್ತಿದರೆ ನೋವಿಲ್ಲ, ಹೆಚ್ಚೆಂದರೆ ಸ್ವಲ್ಪ ಕಸಿವಿಸಿ.

ಆಮೇಲೆ ಮಲಗಿಸಬೇಕು. ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಹುರಿಯ ಮೇಲೆ ಬೆರಳಿಟ್ಟುಕೊಂಡೇ ಮಲಗಿಸಿದರೆ ಸುರುಳಿಗಳು ಇಳಿದು ಹೋಗುವುದು ಕೈಗೆ ಗೊತ್ತಾಗಬೇಕು. ಇಳಿಯದಿದ್ದರೆ ಮೇಲೆ ಎಲ್ಲೋ ರಕ್ತ ತಡೆದಿದೆ ಅಂತ ಅರ್ಥ. ಬಲಗಡೆ ಮಾತ್ರ ಇರುವ ದೊಡ್ಡ ವೆರಿಕೋಸೀಲ್, ನಡುವಯಸ್ಸು ದಾಟಿದ ಮೇಲೆ ದಿಢೀರ್ ಅಂತ ಬಂದದ್ದು, ಮಲಗಿದರೂ ಇಳಿಯದ್ದು, ಈ ಮೂರರಲ್ಲಿ ಯಾವುದಿದ್ದರೂ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಮೂತ್ರಪಿಂಡದ ಸುತ್ತ ಗೆಡ್ಡೆ ಇಲ್ಲ ಅಂತ ನೋಡಿಕೊಳ್ಳಬೇಕು. ನಿಮ್ಮ ಭಾರ ಬೆಳಿಗ್ಗೆ ಪೂರ್ತಿ ಹೋಗಿರುತ್ತದೆ, ಅದು ಒಳ್ಳೆಯ ಸೂಚನೆ. ಆದರೂ ಕೈಯಲ್ಲಿ ನೋಡಿಯೇ ಹೇಳಬೇಕು.

ಮುಂದೆ ಬೆರಳು ವೃಷಣದ ಹಿಂದಕ್ಕೆ ಹೋಗಬೇಕು. ಎಪಿಡಿಡಿಮಿಸ್ಸನ್ನು ಮೇಲಿಂದ ಕೆಳಗಿನ ತನಕ ಒತ್ತಿ ನೋಡಬೇಕು. ಉರಿಯೂತ ಸಾಮಾನ್ಯವಾಗಿ ಕೆಳತುದಿಯಿಂದ ಶುರುವಾಗಿ ಮೇಲಕ್ಕೆ ಹರಡುತ್ತದೆ. ಆರಂಭದಲ್ಲೇ ನೋಡಿದರೆ ವೃಷಣ ಮೆತ್ತಗೆ ನೋವಿಲ್ಲದೆ ಇರುತ್ತದೆ, ಅದರ ಹಿಂದಿನ ಕೆಳತುದಿ ಮಾತ್ರ ದಪ್ಪವಾಗಿ, ಮುಟ್ಟಿದರೆ ಜೀವ ಹೋಗುವಷ್ಟು ನೋವಿರುತ್ತದೆ. ಒಂದೆರಡು ದಿನ ತಡವಾದರೆ ಎರಡೂ ಸೇರಿ ಒಂದೇ ಊತವಾಗಿ ಗಡಿ ಗೊತ್ತಾಗುವುದಿಲ್ಲ. ಚೀಲವನ್ನು ಕೈಯಿಂದ ಮೇಲೆತ್ತಿದರೆ ನೋವು ಕಡಿಮೆಯಾದರೆ ಸೋಂಕು ಅಂತ ಹಳೆಯ ಪಾಠವೊಂದಿದೆ. ಅದನ್ನು ನಂಬಬೇಡಿ. ಮೇಲೆತ್ತಿದರೆ ವೆರಿಕೋಸೀಲ್ ಇದ್ದವರಿಗೂ ಹಾಯ್ ಅನ್ನಿಸುತ್ತದೆ, ವೃಷಣ ತಿರುಚಿಕೊಂಡವರಲ್ಲಿ ಅದು ದಾರಿ ತಪ್ಪಿಸಲೂಬಹುದು.

ಮುಂಭಾಗದಲ್ಲಿ ಊತ ಇದ್ದರೆ ಮೊದಲ ಪ್ರಶ್ನೆ: ಊತದ ಮೇಲ್ತುದಿಯ ಮೇಲೆ ಬೆರಳುಗಳು ಸೇರುತ್ತವೆಯಾ? ಸೇರಿ, ಮೇಲೆ ಬರೀ ಹುರಿ ಸಿಕ್ಕರೆ ಊತ ಚೀಲದ್ದೇ. ಬೆರಳು ಸೇರದೆ ಊತ ತೊಡೆಸಂದಿಯೊಳಗೆ ಮುಂದುವರಿದು, ಕೆಮ್ಮಿದಾಗ ಕೈಗೆ ತಳ್ಳಿದರೆ ಅದು ಹರ್ನಿಯಾ. ಎರಡನೆಯದು ಟಾರ್ಚ್. ಕೋಣೆಯ ಲೈಟ್ ಆರಿಸಿ ಊತದ ಹಿಂಭಾಗಕ್ಕೆ ಬೆಳಕು ಹಿಡಿದರೆ ಹೈಡ್ರೋಸೀಲ್ ಇಡೀ ಕೆಂಪಗೆ ಹೊಳೆಯುತ್ತದೆ. ನಾಳಗಳ ಗಂಟು ಹೊಳೆಯುವುದಿಲ್ಲ, ಗೆಡ್ಡೆಯೂ ಹೊಳೆಯುವುದಿಲ್ಲ. ಮೊಬೈಲ್ ಟಾರ್ಚ್ ಸಾಕು, ಆದರೆ ಬಹಳ ಹೊತ್ತು ಚರ್ಮಕ್ಕೆ ತಾಗಿಸಿಟ್ಟರೆ ಬಿಸಿಯಾಗುತ್ತದೆ. ಹೈಡ್ರೋಸೀಲ್‌ನಲ್ಲಿ ವೃಷಣ ನೀರಿನ ಹಿಂದೆ ಇರುವುದರಿಂದ ಬೇರೆಯಾಗಿ ಕೈಗೆ ಸಿಗುವುದಿಲ್ಲ. ಊತ ಹೊಳೆಯುತ್ತದೆ, ಆದರೆ ವೃಷಣ ಅದರ ಕೆಳಗೆ ಬೇರೆಯಾಗಿ ಸಿಗುತ್ತದೆ ಅಂದರೆ ಅದು ಹೆಚ್ಚಾಗಿ ಎಪಿಡಿಡಿಮಿಸ್‌ನ ನೀರುಗುಳ್ಳೆ, ಹೈಡ್ರೋಸೀಲ್ ಅಲ್ಲ. ಇನ್ನು ಹಳೆಯ ಹೈಡ್ರೋಸೀಲ್‌ನಲ್ಲಿ, ಆನೆಕಾಲು ರೋಗದ್ದರಲ್ಲಿ ಪೊರೆ ದಪ್ಪಗಾಗಿ ಬೆಳಕು ಹಾಯದೇ ಹೋಗಬಹುದು. ಟಾರ್ಚ್ ಒಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೇವೆ.

ಕೊನೆಗೆ ವೃಷಣವನ್ನೇ ನೋಡಬೇಕು, ನಿಜ ಹೇಳಬೇಕೆಂದರೆ ನನಗೆ ಮುಖ್ಯ ಅನ್ನಿಸುವುದು ಇದೇ. ಎರಡು ಕೈಯ ಬೆರಳುಗಳ ನಡುವೆ ಇಡೀ ಮೈಯನ್ನು ನಿಧಾನವಾಗಿ ಉರುಳಿಸಬೇಕು. ನುಣುಪಾಗಿ, ಒತ್ತಿದರೆ ಸ್ವಲ್ಪ ಒಳಗೆ ಹೋಗುವ ಹಾಗೆ ಇರಬೇಕು. ಅದರೊಳಗೇ ಒಂದು ಜಾಗ ಕಲ್ಲಿನಂತೆ ಗಟ್ಟಿ ಸಿಕ್ಕರೆ, ನೋವಿಲ್ಲದಿದ್ದರೂ, ಬೇರೆಯದು ಸಾಬೀತಾಗುವ ತನಕ ಅದನ್ನು ಕ್ಯಾನ್ಸರ್ ಅಂತಲೇ ನೋಡಬೇಕು. ವೃಷಣದ ಕ್ಯಾನ್ಸರ್ ಅಪರೂಪ, ಆದರೆ ಬರುವುದು ಹೆಚ್ಚಾಗಿ 15ರಿಂದ 40ರ ನಡುವೆ. ಕೆಲವರಿಗೆ ಅದು ಬರೀ ಭಾರವಾಗಿಯೇ ಶುರುವಾಗುತ್ತದೆ. ಬೇಗ ಸಿಕ್ಕರೆ ಬಹುಪಾಲು ಗುಣವಾಗುವ ಕ್ಯಾನ್ಸರ್ ಇದು. ನಿಮ್ಮ ರಿಪೋರ್ಟ್‌ನಲ್ಲಿ ವೃಷಣದ ಒಳಭಾಗದ ಬಗ್ಗೆ ಏನು ಬರೆದಿದ್ದಾರೆ ಒಮ್ಮೆ ಓದಿ. ಎರಡೂ ವೃಷಣ ಸಮನಾಗಿವೆ, ಒಳಗೆ ಯಾವ ಗಂಟೂ ಇಲ್ಲ ಅಂತ ಇದ್ದರೆ ನನ್ನ ದೊಡ್ಡ ಚಿಂತೆ ಕಳೆಯಿತು. ಎರಡರ ಗಾತ್ರವನ್ನೂ ಹೋಲಿಸಿ. ಬೆಳೆದ ಗಂಡಸಿನಲ್ಲಿ ಒಂದೊಂದು ಸುಮಾರು 15ರಿಂದ 25 ಮಿ.ಲೀ. ಇರುತ್ತದೆ. ಎಡದ್ದು ಬಲಕ್ಕಿಂತ ಸ್ಪಷ್ಟವಾಗಿ ಚಿಕ್ಕದಾಗಿದ್ದರೆ ವೆರಿಕೋಸೀಲ್ ಅದರ ಬೆಳವಣಿಗೆಗೆ ಪೆಟ್ಟು ಕೊಟ್ಟಿರಬಹುದು, ಅದು ಚಿಕಿತ್ಸೆಯ ತೀರ್ಮಾನವನ್ನು ಬದಲಿಸುತ್ತದೆ.

ಈಗ ರಿಪೋರ್ಟ್‌ನ ಉಳಿದ ಸಾಲುಗಳು. ‘ಎರಡೂ ಕಡೆ ಅಲ್ಪ ಹೈಡ್ರೋಸೀಲ್’ ಅಂದರೆ ಗಾಬರಿಯಾಗಬೇಡಿ. ಆ ಪೊರೆಯ ನಡುವೆ ಚೂರು ನೀರು ಎಲ್ಲರಿಗೂ ಇರುತ್ತದೆ, ವೃಷಣ ಜಾರಾಡಲು ಅದು ಬೇಕು. ಸ್ಕ್ಯಾನ್ ಅದನ್ನೂ ತೋರಿಸುತ್ತದೆ. ‘ಎಪಿಡಿಡಿಮಿಸ್ ಸ್ವಲ್ಪ ದಪ್ಪ’ ಅನ್ನುವ ಸಾಲಿನ ಮುಂದೆ ರಕ್ತ ಸಂಚಾರ ಹೆಚ್ಚಾಗಿದೆ ಅಂತ ಬರೆದಿದ್ದಾರಾ ನೋಡಿ. ಸಕ್ರಿಯ ಉರಿಯೂತ ಇದ್ದರೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತ ಸಂಚಾರ ಹೆಚ್ಚಾಗಿ ಕಾಣಬೇಕು. ಅದು ಸಹಜವಾಗಿದ್ದು ನಿಮಗೆ ಮುಟ್ಟಿದರೂ ನೋವಿಲ್ಲ ಅಂದರೆ ದಪ್ಪ ಅನ್ನುವ ಒಂದೇ ಪದಕ್ಕೆ ಮಾತ್ರೆ ತಿನ್ನಬೇಕಿಲ್ಲ. ಇನ್ನು ‘ಗ್ರೇಡ್ 2’. ಸ್ಕ್ಯಾನ್‌ನವರು ಬರೆಯುವ ಗ್ರೇಡ್, ನಾವು ಕೈಯಿಂದ ಹೇಳುವ ಗ್ರೇಡ್ ಎರಡೂ ಒಂದೇ ಅಲ್ಲ. ಅಳತೆಗಳೇ ಬೇರೆ. ನಾಳ 3 ಮಿ.ಮೀ.ಗಿಂತ ಅಗಲ ಇದೆಯಾ, ಮುಕ್ಕಿದಾಗ ರಕ್ತ ಹಿಂದಕ್ಕೆ ಹರಿಯುತ್ತದೆಯಾ ಅನ್ನುವುದನ್ನು ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಸ್ಕ್ಯಾನ್‌ನಲ್ಲಿ ಮಾತ್ರ ಕಂಡು ಕೈಗೆ ಸಿಗದ ವೆರಿಕೋಸೀಲ್‌ಗೆ ಆಪರೇಷನ್ ಮಾಡಿದರೆ ಪ್ರಯೋಜನ ಇಲ್ಲ. ಕೈಗೆ ಸಿಗದೆ ಆಪರೇಷನ್ ಟೇಬಲ್ ಹತ್ತಬೇಡಿ.

ಕೈಗೆ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಆಗಲೂ ತಕ್ಷಣ ಅನ್ನುವ ಅವಸರ ಇಲ್ಲ. ವೆರಿಕೋಸೀಲ್ ನೂರರಲ್ಲಿ ಸುಮಾರು 15 ಗಂಡಸರಿಗೆ ಇರುತ್ತದೆ, ಬಹಳ ಜನಕ್ಕೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಮೊದಲು ಮೂರು ತಿಂಗಳು ಸುಲಭದ ದಾರಿ ಹಿಡಿಯಿರಿ. ಸಡಿಲ ಬಾಕ್ಸರ್ ಬಿಟ್ಟು ಬಿಗಿಯಾದ ಬ್ರೀಫ್ ಹಾಕಿ, ಇಲ್ಲವೇ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸ್ಕ್ರೋಟಲ್ ಸಪೋರ್ಟ್ ಅಳತೆ ನೋಡಿ ತಂದು ಕೆಲಸದ ಹೊತ್ತಿನಲ್ಲಿ ಹಾಕಿಕೊಳ್ಳಿ. ಲಂಗೋಟಿ ಕಟ್ಟುವ ಅಭ್ಯಾಸ ಇದ್ದರೆ ಅದೂ ಇದೇ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಗಂಟೆಗೊಮ್ಮೆ ಐದು ನಿಮಿಷ ಕೂರಲು ಕೇಳಿಕೊಳ್ಳಿ, ಬೇಕಾದರೆ ಡಾಕ್ಟರ್ ಚೀಟಿ ತಗೊಳ್ಳಿ. ಮಲಬದ್ಧತೆ ಇದ್ದರೆ ಸರಿ ಮಾಡಿಕೊಳ್ಳಿ, ಮುಕ್ಕಿದಷ್ಟೂ ನಾಳಗಳಲ್ಲಿ ಒತ್ತಡ ಏರುತ್ತದೆ. ಜಿಮ್‌ನಲ್ಲಿ ಉಸಿರು ಕಟ್ಟಿ ಭಾರ ಎತ್ತುವುದನ್ನು ಸದ್ಯಕ್ಕೆ ಬಿಡಿ. ಇದರಿಂದ ನಾಳಗಳು ಮೊದಲಿನಂತೆ ಆಗುವುದಿಲ್ಲ, ಆದರೆ ಭಾರ ಬದುಕಿಗೆ ಅಡ್ಡಿ ಬರದಷ್ಟು ಇಳಿದರೆ ಸಾಕಲ್ಲ.

ಮೂರು ತಿಂಗಳಾದರೂ ಇಳಿಯದೆ, ಕೈಗೆ ಸಿಗುವ ವೆರಿಕೋಸೀಲ್ ಇದ್ದು, ನೋವು ನಿಮಗಿರುವ ಹಾಗೇ ಮಂದವಾದ ಜಗ್ಗುವ ನೋವಾಗಿದ್ದರೆ ಆಗ ಆಪರೇಷನ್ ಮಾತಾಡಬಹುದು. ಈ ತರದ ನೋವಿರುವವರನ್ನು ನೋಡಿ ಆರಿಸಿ ಮಾಡಿದರೆ ಹೆಚ್ಚಿನವರಿಗೆ ನೋವು ಹೋಗುತ್ತದೆ. ಚುಚ್ಚಿದ ಹಾಗೆ, ತೊಡೆಗೆ ಹರಿದ ಹಾಗೆ ಇರುವ ನೋವಿಗೆ ಅಷ್ಟು ಭರವಸೆ ಕೊಡಲಾಗದು, ಅದರ ಮೂಲ ಬೇರೆ ಇರಬಹುದು. ಮಾಡಿಸುವುದಾದರೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಮಾಡುವವರ ಬಳಿ ಹೋಗಿ. ತೊಡೆಸಂದಿಯ ಬಳಿ ಸಣ್ಣ ಗಾಯ ಮಾಡಿ, ಹಿಗ್ಗಿದ ನಾಳಗಳನ್ನು ಒಂದೊಂದಾಗಿ ಕಟ್ಟಿ, ಶುದ್ಧ ರಕ್ತನಾಳವನ್ನೂ ದುಗ್ಧನಾಳಗಳನ್ನೂ ಉಳಿಸುತ್ತಾರೆ. ದುಗ್ಧನಾಳ ಕಟ್ಟಿಹೋದರೆ ನೀರು ಹರಿಯಲು ದಾರಿ ಇಲ್ಲದೆ ಆಪರೇಷನ್ ಆದ ಮೇಲೆ ನಿಜವಾದ ಹೈಡ್ರೋಸೀಲ್ ಬರುತ್ತದೆ. ಮೈಕ್ರೋಸ್ಕೋಪ್ ಇದ್ದರೆ ಆ ಅಪಾಯ ಬಹಳ ಕಡಿಮೆ.

ಮದುವೆ, ಮಕ್ಕಳ ವಿಚಾರ. ವೆರಿಕೋಸೀಲ್ ಇರುವ ಹೆಚ್ಚಿನ ಗಂಡಸರಿಗೆ ಮಕ್ಕಳಾಗುತ್ತವೆ. ಮಕ್ಕಳಾಗದೆ ಬರುವ ಗಂಡಸರನ್ನು ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಇದು ಕಾಣುತ್ತದೆ ಅನ್ನುವುದೂ ನಿಜ. ನೀವು ಯಾವ ಗುಂಪಿನವರು ಅಂತ ಊಹಿಸಿ ನಿದ್ದೆ ಕೆಡಿಸಿಕೊಳ್ಳುವ ಬದಲು ಒಂದು ವೀರ್ಯ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ಎರಡರಿಂದ ಏಳು ದಿನ ವೀರ್ಯ ಹೋಗಿರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿ ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು. ಕಡಿಮೆ ಬಂದರೆ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಬೇಡ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಇತ್ತೀಚೆಗೆ ಜೋರು ಜ್ವರ ಬಂದಿದ್ದರೂ ಸಂಖ್ಯೆ ಇಳಿಯುತ್ತದೆ. ವೀರ್ಯ ಚೆನ್ನಾಗಿದ್ದು, ಎರಡೂ ವೃಷಣ ಸಮನಾಗಿದ್ದರೆ ಮದುವೆ ಇದೆ ಅನ್ನುವ ಒಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ. ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಬಹಳ ಹುಡುಗರ ಮನಸ್ಸಿನಲ್ಲಿ ಇರುತ್ತದೆ: ವೆರಿಕೋಸೀಲ್‌ಗೂ ಶಿಶ್ನಕ್ಕೆ ಗಡಸುತನ ಬರುವುದಕ್ಕೂ ನೇರ ಸಂಬಂಧ ಇಲ್ಲ.

ಯಾವತ್ತಾದರೂ ಒಂದು ದಿನ ಇದ್ದಕ್ಕಿದ್ದಂತೆ ಜೋರು ನೋವು ಬಂದು, ವಾಂತಿಯಾಗಿ, ವೃಷಣ ಮೇಲಕ್ಕೆ ಸೇರಿಕೊಂಡ ಹಾಗಾದರೆ ನಾನು ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟು ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅದು ವೃಷಣ ತಿರುಚಿಕೊಂಡಿರುವ ಲಕ್ಷಣ. ಆರು ಗಂಟೆಯೊಳಗೆ ಬಿಡಿಸಿದರೆ ಹೆಚ್ಚಾಗಿ ಉಳಿಯುತ್ತದೆ. ರಾತ್ರಿ ಆಯಿತು, ಬೆಳಿಗ್ಗೆ ನೋಡೋಣ ಅಂತ ಕೂರಬೇಡಿ.

ಸದ್ಯಕ್ಕೆ ಆಪರೇಷನ್ ಡೇಟ್ ತಗೊಂಡಿದ್ದರೆ ಮುಂದೂಡಿ, ಮೂರನೇ ಕೋರ್ಸ್ ಮಾತ್ರೆ ಶುರು ಮಾಡಬೇಡಿ. ಒಬ್ಬ ಯೂರಾಲಜಿಸ್ಟ್ ಬಳಿ ಹೋಗಿ, ಹಳೆಯ ಚೀಟಿ, ಸ್ಕ್ಯಾನ್ ಎಲ್ಲ ಒಯ್ಯಿರಿ, ಯಾವ ಆಂಟಿಬಯೋಟಿಕ್ ಎಷ್ಟು ದಿನ ಅನ್ನುವುದನ್ನೂ ಬರೆದುಕೊಳ್ಳಿ. ನಿಲ್ಲಿಸಿಯೂ ಮಲಗಿಸಿಯೂ ಪರೀಕ್ಷೆ ಮಾಡಿ ಅಂತ ಸಂಕೋಚ ಬಿಟ್ಟು ಕೇಳಿ, ಅದು ನಿಮ್ಮ ಹಕ್ಕು. ಅಪಾಯಿಂಟ್‌ಮೆಂಟ್ ಬೆಳಿಗ್ಗೆ ಬೇಡ. ದಿನವಿಡೀ ಅಂಗಡಿಯಲ್ಲಿ ನಿಂತು, ಭಾರ ಇರುವಾಗಲೇ, ಸಂಜೆ ನೇರವಾಗಿ ಹೋಗಿ ತೋರಿಸಿ.